ಮೆಟ್ಟಿಲ ಕೆಳಗಿನ ಸಾಮಾನು

ನಮ್ಮ ಹಾರ್ಡ್‌ವೇರ್ ಅಂಗಡಿಯ ಕಟ್ಟಡವನ್ನು ಮುಂದಿನ ತಿಂಗಳು ಕೆಡವುತ್ತಾರೆ. ಆಮೇಲೆ ಊರಾಚೆ ಒಂದು ಗೋದಾಮು, ಒಂದು ವೆಬ್‌ಸೈಟು, ಅಷ್ಟೇ. ಅದರಲ್ಲಿ ಜನರಿಗೆ ಬೇಕಾದ ಸಾಮಾನು ಸಿಗದಿದ್ದರೆ ನಮ್ಮ ಅನ್ನಕ್ಕೇ ಕಲ್ಲು. ಅಂಗಡಿ ಹೋಗುವುದನ್ನು ಗಿರಾಕಿಗಳಿಗೆ ತಿಳಿಸು ಎಂದು ಅಪ್ಪನಿಗೆ ನಾನು ಬಡಕೊಂಡಿದ್ದೇ ಬಂತು. "ಹೇಳೋಣ ಬಿಡು" ಎನ್ನುತ್ತಲೇ ಅವನು ದಿನ ತಳ್ಳಿದ.

ವೆಬ್‌ಸೈಟಿನ ಮೆನುವಿನಲ್ಲಿ ಯಾವ ಸಾಮಾನು ಯಾವ ವಿಭಾಗದಲ್ಲಿರಬೇಕೆಂದು ಗಿರಾಕಿಗಳಿಂದಲೇ ತಿಳಿಯೋಣವೆಂದು ಚಿಲಕ, ನಲ್ಲಿ, ಉಪ್ಪುಕಾಗದ, ಹೀಗೆ ಒಂದೊಂದು ಸಾಮಾನನ್ನು ಒಂದೊಂದು ಕಾರ್ಡಿನ ಮೇಲೆ ಬರೆದೆ. ಬಂದವರು ಒಟ್ಟಿಗೆ ಇರಬೇಕು ಅನ್ನಿಸಿದ್ದನ್ನು ಒಟ್ಟಿಗೆ ಇಡಬೇಕು, ಗುಂಪಿಗೆ ತಮ್ಮದೇ ಮಾತಲ್ಲಿ ಹೆಸರು ಕೊಡಬೇಕು. ಯಾರೂ ಹೇಳಿಕೊಡಬಾರದು. ಕರೆಯಬೇಕಾದವರನ್ನು ಅಪ್ಪನೇ ಆರಿಸಿದ.

ಮೊದಲು ಪ್ಲಂಬರ್. ಅವನು ಕಾರ್ಡು ಎತ್ತುವುದೇ ತಡ, ಅಪ್ಪ ಕುರ್ಚಿ ಎಳೆದುಕೊಂಡು ಬಂದ.

"ಮರದ ಅಂಟು ಅಲ್ಲಿ ಬರಲ್ಲಪ್ಪ, ಈ ಕಡೆ ಇಡು."

"ಅಪ್ಪಾ, ನೀನು ಹೇಳ್ಕೊಟ್ರೆ ಅದು ನಿನ್ನ ಮೆನು ಆಗತ್ತೆ, ಅವರದ್ದಲ್ಲ. ದಯವಿಟ್ಟು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ."

ಅಪ್ಪ ಕೂತ. ಪ್ಲಂಬರ್ ನಲ್ಲಿಯನ್ನೂ ಇಲಿಬೋನನ್ನೂ ಒಂದೇ ಗುಂಪಿಗೆ ಹಾಕಿ ಹೆಸರು ಕೊಟ್ಟ: ಮೆಟ್ಟಿಲ ಕೆಳಗೆ. ಉಳಿದ ಗುಂಪುಗಳ ಹೆಸರು ಬಾಗಿಲ ಪಕ್ಕ, ಅಟ್ಟದ ಮೇಲೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಫೋಟೋ ತೆಗೆದೆ. ಕಾರ್ಡು ಕಲಸಿ, ಎರಡನೆಯವರಾಗಿ ಬಂದ ಹಾಸ್ಟೆಲ್ ವಾರ್ಡನ್ ಮೇಡಂ ಮುಂದಿಟ್ಟೆ. ಅವರೂ ಅದನ್ನೇ ಮಾಡಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಣ್ಣು ಮುಚ್ಚಿಕೊಂಡೂ ನಮ್ಮ ಅಂಗಡಿಯಲ್ಲಿ ಓಡಾಡಬಲ್ಲ ಹಳೇ ಗಿರಾಕಿಗಳನ್ನೇ ಅಪ್ಪ ಹುಡುಕಿ ತಂದಿದ್ದ, ನಾನೂ ತಲೆಯಾಡಿಸಿದ್ದೆ. ಇವರು ಜೋಡಿಸುತ್ತಿದ್ದುದು ಸಾಮಾನನ್ನಲ್ಲ, ನಮ್ಮ ಅಂಗಡಿಯನ್ನು.

ಕೊನೆಗೆ ಮುದುಕ ಬಡಗಿ ಬಂದ. "ಇದು ಮೆಟ್ಟಿಲ ಕೆಳಗಿಂದು," ಎಂದು ನಲ್ಲಿಯ ಕಾರ್ಡು ಎತ್ತಿಕೊಂಡ. ನನ್ನ ಸಹನೆ ಅಲ್ಲಿಗೆ ಮುಗಿಯಿತು. ಅಪ್ಪನನ್ನೇ ದುರುಗುಟ್ಟಿ ನೋಡಿದೆ.

ಅಪ್ಪ ಗಂಟಲು ಸರಿಮಾಡಿಕೊಂಡ. "ಆ ಮೆಟ್ಟಿಲು ಇರಲ್ಲಪ್ಪ. ಕಟ್ಟಡ ಕೆಡವ್ತಾರೆ. ಅಂಗಡಿನೂ ಇರಲ್ಲ, ಇನ್ನು ಎಲ್ಲ ಫೋನಲ್ಲಿ ವೆಬ್‌ಸೈಟ್ ನೋಡಿ ತರಿಸ್ಕೋಬೇಕು."

"ಯಾವಾಗ?"

"ಬರೋ ತಿಂಗಳು."

"ಈಗ ಹೇಳ್ತಿದೀರಾ, ಯಜಮಾನ್ರೇ?"

ಬಡಗಿ ಬೈದುಕೊಂಡು ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ನನ್ನ ಕೈಗಿತ್ತ.

"ಮತ್ತೆ ಕಲಸಮ್ಮ."

"ಈ ಅಂಗಡೀನ ಯಾವತ್ತೂ ನೋಡಿಲ್ಲ ಅಂದ್ಕೊಳ್ಳಿ," ಎಂದೆ.

ಈ ಸಲ ನಿಧಾನ. ಚಿಲಕ, ಬಿಜಾಗರಿ, ಬೀಗ ಒಂದು ಕಡೆ ಸೇರಿದವು. ಅದಕ್ಕೆ "ಬಾಗಿಲು ಕಿಟಕಿ ಕೆಲಸ" ಎಂದ. ನಲ್ಲಿ, ಪೈಪು, ವಾಷರ್ "ನೀರಿನ ಕೆಲಸ"ಕ್ಕೆ ಹೋದವು. ನನಗೆ ಬೇಕಾಗಿದ್ದುದು ಇದೇ, ಆದರೂ ಸಂತೋಷವಾಗಲಿಲ್ಲ. ಮರಕ್ಕೂ ಗೋಡೆಗೂ ಉಜ್ಜುವ ಉಪ್ಪುಕಾಗದದ ಕಾರ್ಡು ಹಿಡಿದು ಅವನು ತಡವರಿಸಿದ. ಮರದ ಕೆಲಸಕ್ಕೋ, ಬಣ್ಣದ ಕೆಲಸಕ್ಕೋ? ಅಭ್ಯಾಸಬಲದಿಂದ ಅಪ್ಪನ ಮುಖ ನೋಡಿದ. ಹೇಳಿಬಿಡು ಅಪ್ಪಾ ಎಂದು ನನಗೇ ಅನ್ನಿಸಿತು.

"ನನ್ನ ನೋಡ್ಬೇಡ ಮಾರಾಯ," ಎಂದ ಅಪ್ಪ. "ಅಲ್ಲಿ ಹೇಳ್ಕೊಡೋಕೆ ನಾನಿರಲ್ಲ."