ನೋಡಾಣ ಕಟ್ಟು

ಕಾಟಲಿಂಗಪ್ಪ ಹೊಸದುರ್ಗದ ಬ್ಯಾಂಕಿನಲ್ಲಿ ಗುಮಾಸ್ತ. ಹೆಂಡತಿ ಚಿತ್ತಮ್ಮ ತಾಳ್ಯದ ಶಾಲೆಯಲ್ಲಿ ಮೇಡಂ. ಮದುವೆಯಾಗಿ ಆರು ವರ್ಷವಾದರೂ ಇಬ್ಬರದೂ ಭಾನುವಾರದ ಸಂಸಾರ. ಉಳಿದ ದಿನ ಅವನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮುದ್ದೆ ತಿರುವುತ್ತಿದ್ದ. ಒಬ್ಬನಿಗೆಂದು ತಿರುವಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಬೇಕಾದರೆ ತಿರುವಿ ನೋಡಿ.

ಎಪ್ಪತ್ತೇಳರಲ್ಲಿ ಗುಮಾಸ್ತರನ್ನು ಆಫೀಸರು ಮಾಡುವುದಕ್ಕೆ ಬ್ಯಾಂಕು ಹೊಸ ಬಗೆಯ ಪರೀಕ್ಷೆ ತಂದಿತು. ಹೊಳಲ್ಕೆರೆ ಶಾಖೆಗೆ ಮ್ಯಾನೇಜರು ಬೇಕಾಗಿತ್ತು. ಪಾಸಾದರೆ ಅಲ್ಲಿಗೆ ಹೋಗಬಹುದು, ತಾಳ್ಯದಿಂದ ದಿನಾ ಓಡಾಡಬಹುದು, ಚಿತ್ತಮ್ಮನ ಜೊತೆ ಕೂತು ಉಣ್ಣಬಹುದು. ಅವನಿಗೆ ಬೇಕಾಗಿದ್ದು ಅಷ್ಟೇ.

ಪರೀಕ್ಷೆಗೆ ಮುಂಚಿನ ಭಾನುವಾರ ಅವಳೇ ಹೊಸದುರ್ಗಕ್ಕೆ ಬಂದಳು. ಇವನು ಪರೀಕ್ಷೆಯ ಅಭ್ಯಾಸಕ್ಕೆಂದು ಬ್ಯಾಂಕಿನ ಹಳೇ ಕಾಗದಗಳನ್ನು ಚಾಪೆಯ ಮೇಲೆ ಹರಡಿಕೊಂಡು ವಿಂಗಡಿಸುತ್ತಿದ್ದ.

"ಒಂದು ಮಾತು ಕೇಳ್ಬೇಕಿತ್ತು ಕಣ್ರಿ. ಈ ವಾರದಾಗೆ ತೀರ್ಮಾನ ಆಗ್ಬೇಕು," ಅಂದಳು.

"ಪರೀಕ್ಷೆ ಮುಗೀಲಿ, ನೋಡಾಣ."

ಅವಳು ಸಾರು ಮಾಡಿಟ್ಟು ಸಂಜೆ ಬಸ್ಸಿಗೆ ಹೋದಳು.

ಪರೀಕ್ಷೆ ನಡೆದದ್ದು ಚಿತ್ರದುರ್ಗದ ಪ್ರವಾಸಿ ಮಂದಿರದಲ್ಲಿ. ಮೊದಲು ವೇಷದ ಆಟ. ಪರೀಕ್ಷಕ ನಾಗರಾಜಪ್ಪ ಹೆಗಲಿಗೆ ಟವೆಲ್ಲು ಹಾಕಿಕೊಂಡು ರೈತನಾಗಿ ಬಂದು, "ನನ್ನ ಸಾಲದ ಅರ್ಜಿ ಎಲ್ಲಿ ನುಂಗಿದ್ರಿ?" ಅಂತ ಮೇಜು ಗುದ್ದಿದರು. ಇನ್ನಿಬ್ಬರು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಕಾಟಲಿಂಗಪ್ಪ ವಾದಕ್ಕೆ ಇಳಿಯಲಿಲ್ಲ. "ಕುಂತ್ಕಳ್ರಿ ಯಜಮಾನ್ರೆ," ಅಂತ ನೀರು ಕೊಟ್ಟು, ಪೂರ್ತಿ ಹೇಳಲು ಬಿಟ್ಟು, ಕೇಳಿದ್ದನ್ನು ತಾನೇ ಒಮ್ಮೆ ತಿರುಗಿ ಹೇಳಿ ಸರಿಯೇ ಅಂತ ವಿಚಾರಿಸಿದ. ಸಾಲ ಕೊಡಿಸುತ್ತೇನೆ ಅನ್ನಲಿಲ್ಲ. ಅರ್ಜಿ ಎಲ್ಲಿದೆಯೆಂದು ಹುಡುಕಿಸಿ ಶುಕ್ರವಾರ ತಿಳಿಸುತ್ತೇನೆ ಅಂದ.

ಆಮೇಲೆ ಇನ್-ಟ್ರೇ, ಅಂದರೆ ಮೇಜಿಗೆ ಬಂದ ಕಾಗದಗಳ ವಿಲೇವಾರಿ. ತಗಡಿನ ತಟ್ಟೆಯ ತುಂಬ ಕಾಗದ, ಮೇಲೊಂದು ಸೂಚನೆ: ನೀವು ಹೊಸ ಮ್ಯಾನೇಜರು, ಇವತ್ತು ಭಾನುವಾರ, ಕಚೇರಿಯಲ್ಲಿ ಜವಾನನ ಹೊರತು ಯಾರೂ ಇಲ್ಲ, ಫೋನು ಕೆಟ್ಟಿದೆ. ಒಂದು ಗಂಟೆಯಲ್ಲಿ ಊರಿಗೆ ಹೊರಡಬೇಕು, ಗುರುವಾರವೇ ವಾಪಸ್ಸು. ಏನು ಮಾಡುತ್ತೀರೆಂದು ಒಂದೊಂದರ ಮೇಲೂ ಕಾರಣ ಸಹಿತ ಬರೆಯಿರಿ.

ಪಕ್ಕದ ಕುರ್ಚಿಯ ದೊಡ್ಡತಿಮ್ಮಪ್ಪ ಮೇಲಿನ ಕಾಗದಕ್ಕೇ ಉತ್ತರ ಬರೆಯತೊಡಗಿದ. ಕಾಟಲಿಂಗಪ್ಪ ಪೆನ್ನು ಮುಟ್ಟದೆ ಎಲ್ಲವನ್ನೂ ಒಮ್ಮೆ ಓದಿದ. ಆಮೇಲೆ ಮೂರು ಕಟ್ಟು ಮಾಡಿದ: ಈಗಲೇ ತಾನೇ ಮಾಡಬೇಕಾದ್ದು, ಬೇರೆಯವರಿಗೆ ವಹಿಸಬಹುದಾದ್ದು, ಕಾಯಬಹುದಾದ್ದು. ಕೆಂಪು ಶಾಯಿಯಲ್ಲಿ 'ತುರ್ತು' ಅಂತಿದ್ದ ಸುತ್ತೋಲೆಗೆ ಗಡುವು ತಿಂಗಳ ಕೊನೆಯವರೆಗಿತ್ತು. ಅದು ಕಾಯುವ ಕಟ್ಟಿಗೆ ಹೋಯಿತು. ತಳದಲ್ಲಿ ಕ್ಯಾಷಿಯರನ ರಜಾ ಚೀಟಿ, ಸೋಮವಾರ ಬರುವುದಿಲ್ಲವೆಂದು. ಮೇಲೆಲ್ಲೋ ಇನ್ನೊಂದು ಕಾಗದ, ಸೋಮವಾರ ಬೆಳಿಗ್ಗೆ ನಗದು ಬರುತ್ತದೆಂದು. ತಿಜೋರಿಯ ಒಂದು ಕೀ ಮ್ಯಾನೇಜರಲ್ಲಿ, ಇನ್ನೊಂದು ಕ್ಯಾಷಿಯರಲ್ಲಿ. ಎರಡೂ ಸೇರದೆ ಬಾಗಿಲು ತೆರೆಯದು. ಇಬ್ಬರೂ ಇರದಿದ್ದರೆ ನಗದು ಬೀದಿಯಲ್ಲಿ ನಿಲ್ಲಬೇಕು! ಎರಡನ್ನೂ ಗುಂಡುಸೂಜಿಯಿಂದ ಸೇರಿಸಿ ಎಲ್ಲಕ್ಕಿಂತ ಮೊದಲು ಇಟ್ಟ. ಇವತ್ತೇ ಜವಾನನನ್ನು ಕ್ಯಾಷಿಯರನ ಮನೆಗೆ ಕಳಿಸಿ, ಸಹಿ ಹಾಕಿಸಿಕೊಂಡು ಎರಡು ಕೀಗಳನ್ನೂ ಅಕೌಂಟೆಂಟ್, ಹಿರಿಯ ಗುಮಾಸ್ತ ಇಬ್ಬರಿಗೆ ಬೇರೆ ಬೇರೆಯಾಗಿ ಒಪ್ಪಿಸುವುದು ಅಂತ ಬರೆದ.

ಇನ್ನೊಂದು ಸಣ್ಣ ಚೀಟಿಯಿತ್ತು: 'ನಿಮ್ಮ ಹೆಂಡತಿ ಬಂದಿದ್ದರು. ಏನೋ ಕೇಳಬೇಕಂತೆ.' ಅದನ್ನು ಕಾಯುವ ಕಟ್ಟಿನ ತಳಕ್ಕೆ ಹಾಕಿದ.

ಮುಗಿದ ಮೇಲೆ ನಾಗರಾಜಪ್ಪ ಒಂದೊಂದಕ್ಕೂ ಕಾರಣ ಕೇಳಿದರು. ಕೀ ವಿಷಯಕ್ಕೆ ತಲೆದೂಗಿದರು. ಕೊನೆಗೆ ಆ ಚೀಟಿ ಎತ್ತಿ ಹಿಡಿದರು.

"ಇದನ್ನ ಇನ್ಯಾರಿಗಾದ್ರೂ ವಹಿಸೋಕೆ ಬರುತ್ತೇನ್ರಿ?"

"ಇಲ್ಲ ಸಾರ್."

"ಏನು ಅಂತ ಕೇಳಿ ಎರಡು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು?"

"ಅದು ಮನೇದು ಸಾರ್, ಕಾಯುತ್ತೆ," ಅಂದ ಕಾಟಲಿಂಗಪ್ಪ. ನಾಗರಾಜಪ್ಪ ಏನನ್ನೋ ಗುರುತು ಹಾಕಿಕೊಂಡರು.

ಅದೊಂದಕ್ಕೆ ಯಾರನ್ನೂ ಫೇಲು ಮಾಡುವುದಿಲ್ಲ. ಆಮೇಲಿನ ಭಾನುವಾರಗಳಲ್ಲೂ ಬ್ಯಾಂಕಿನ ಲೆಕ್ಕದ ಕೆಲಸ ಬಿದ್ದು ಅವನು ತಾಳ್ಯಕ್ಕೆ ಹೋಗಲಾಗಲಿಲ್ಲ. ಮುಂದಿನ ತಿಂಗಳು ಹೊಳಲ್ಕೆರೆಗೇ ಆರ್ಡರು ಬಂತು. ಅವನು ಕಾರಾಮಂಡಕ್ಕಿ ಕಟ್ಟಿಸಿಕೊಂಡು ತಾಳ್ಯದ ಬಸ್ಸು ಹತ್ತಿದ. ನಿಂತೇ ಹೋದ, ಕಾಲು ನೋಯಲೇ ಇಲ್ಲ.

ಮನೆಯಲ್ಲಿ ಚಿತ್ತಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಇವನು ಅದನ್ನು ಕಂಡರೂ ಕಾಣದವನಂತೆ ಒಂದೇ ಉಸಿರಿಗೆ ಎಲ್ಲ ಹೇಳಿದ: ರೈತನ ವೇಷ, ನೀರು, ತಿಜೋರಿಯ ಕೀ, ಆರ್ಡರು.

ಅವಳು ಚೀಲದ ಬಾಯಿ ಹಿಡಿದುಕೊಂಡೇ ಕೇಳಿದಳು.

"ಮತ್ತೋಡಿನ ಶಾಲೆ ಮೇಡಂ ಒಬ್ರು ನನ್ ಜೊತೆ ಅದಲುಬದಲು ವರ್ಗ ಮಾಡ್ಕಂಡು ಈ ಕಡೆ ಬರ್ತೀನಿ ಅಂದಿದ್ರು. ನಾನು ಅಲ್ಲಿಗೆ ಹೋದ್ರೆ ಹೊಸದುರ್ಗ ಹತ್ರ, ನಿಮ್ ಜೊತೆ ಇರಬೋದು ಅಂತ... ಅವತ್ತು ಅದನ್ನೇ ಕೇಳಾಕೆ ಬಂದಿದ್ದೆ. ನೀವು ನೋಡಾಣ ಅಂದ್ರಿ. ಕಡೇ ದಿನ ಆಗಿತ್ತು, ರುಜು ಹಾಕ್ಬಿಟ್ಟೆ. ಸೋಮವಾರ ಅಲ್ಲಿ ಹಾಜರಾಗ್ಬೇಕು."

ಅವನು ಗೋಡೆಗೆ ಒರಗಿ ಕುಕ್ಕರಿಸಿದ.

"ವರ್ಗ ರದ್ದು ಮಾಡ್ಸಾಣ. ಅರ್ಜಿ ಕೊಡಾಣ," ಅಂದ.

"ಒಂದ್ಸಲ ವರ್ಗ ಆದ್ರೆ ಮೂರು ವರ್ಷ ಅರ್ಜಿ ಮುಟ್ಟಾಕಿಲ್ಲ ಅಂತ ಆಫೀಸ್ನೋರು ಅಂದವ್ರೆ."

ಚಿತ್ತಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು.

"ಆ ವೇಷದ ರೈತನಿಗೆ ಕುಂತ್ಕಳ್ರಿ ಅಂದ್ರಂತಲ್ಲ," ಅಂದಳು, "ನಾನು ಅವತ್ತು ಸಂಜೆ ತನಕ ನಿಂತೇ ಇದ್ದೆ ಕಣ್ರಿ."