ಒಂಬತ್ತನೇ ನಂಬರಿನ ಕಾಲು

ಮಣಿಪಾಲದಲ್ಲಿ ಕೃತಕ ಕಾಲು ತಯಾರಿಸುವ ಕಾರ್ಯಾಗಾರವೊಂದಕ್ಕೆ ಪ್ರಫುಲ್ಲಾ ಎಸ್ಸೆಮ್ಮೆಸ್ ಬಾಟ್ ಬರೆದುಕೊಟ್ಟಿದ್ದಳು. ಆರ್ಡರ್ ನಂಬರ್ ಕಳಿಸಿದರೆ ಅದು ಡೇಟಾಬೇಸ್ ನೋಡಿ ಕೆಲಸ ಎಲ್ಲಿಗೆ ಬಂತೆಂದು ತಾನೇ ಉತ್ತರಿಸುತ್ತಿತ್ತು. ಬಾಟ್ ಶುರುವಾದ ಮೂರನೇ ದಿನ ಪರ್ಕಳದಿಂದ ಕರಿಬಸವ ಊರುಗೋಲು ಊರಿಕೊಂಡು ಬಂದ. ಗಾರೆ ಕೆಲಸದಲ್ಲಿ ಬಿದ್ದು ಬಲಗಾಲು ಕಳೆದುಕೊಂಡವನು.

"ಕಾಲು ತಯಾರೈತಿ ಅಂತ ಮೆಸೇಜ್ ಬಂದೈತ್ರಿ ಅಕ್ಕಾರ. ನಾಳೆ ನಡ್ಕೊಂಡು ಹೋದ್ರ ವಾಚ್‌ಮನ್ ಕೆಲ್ಸ ಕೊಡ್ತಾರ."

ಅವನ ಕಾಲಿನ ಅಚ್ಚು ಇನ್ನೂ ಒಣಗಿರಲಿಲ್ಲ. ಪ್ರಫುಲ್ಲಾ ಗಾಬರಿಯಿಂದ ಕೋಡ್ ತೆರೆದಳು. ಅವನ ಆರ್ಡರ್ ನಂಬರ್ ಒಂಬತ್ತು. ಕಳಿಸಿದ ನಂಬರೇ ಆಗಿರಬೇಕು ಎನ್ನುವ ಬದಲು, ಆ ಅಂಕಿ ಇರುವ ಯಾವ ನಂಬರಾದರೂ ಸರಿ ಎಂದು ಬರೆದಿದ್ದಳು. ಬಾಟ್ ಹೊಸ ಆರ್ಡರಿನಿಂದ ಹಿಂದಕ್ಕೆ ಹುಡುಕಿ, ಹತ್ತೊಂಬತ್ತನೆಯದಕ್ಕೆ ನಿಂತಿತ್ತು. ಅದು ಬೇರೆ ಯಾರದೋ ಕಾಲಿನ ಪಟ್ಟಿ ರಿಪೇರಿ, ಮುಗಿದು ತಯಾರಾಗಿತ್ತು.

"ತಪ್ಪು ನನ್ನದು. ನಿಮ್ಮದಕ್ಕೆ ಇನ್ನೂ ಹತ್ತು ದಿನ ಉಂಟು."

ಅವಳು ತಿದ್ದಿದ ಮೇಲೆ ಅವನು ಮತ್ತೆ ಒಂಬತ್ತು ಕಳಿಸಿದ. ಅಚ್ಚು ಒಣಗುತ್ತಿದೆ ಎಂಬ ಉತ್ತರ ಬಂತು.

"ಈಗ ಖರೇ ಹೇಳ್ತೈತ್ರಿ," ಎಂದು ಅವನು ಮೆಟ್ಟಿಲ ಮೇಲೆ ಕುಸಿದು ಅತ್ತ.

ವಾಚ್‌ಮನ್ ಕೆಲಸ ಕೊಡುತ್ತೇನೆಂದಿದ್ದ ಅವನ ಮೇಸ್ತ್ರಿಗೆ ಪ್ರಫುಲ್ಲಾ ಫೋನ್ ಮಾಡಿ, ಹತ್ತು ದಿನ ತಡೆಯಿರಿ ಎಂದು ಬೇಡಿಕೊಂಡಳು.

"ಹತ್ತು ದಿನ ಗೇಟು ಯಾರು ಕಾಯುವುದು ಮಾರಾಯ್ರೆ? ಬೇರೆಯವರಿಗೆ ಹೇಳ್ತೇನೆ," ಎಂದ ಅವನು.

ಕರಿಬಸವ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕುಳಿತು, ಕೆಲಸ ಕೈತಪ್ಪಿತೆಂದು ಹೇಳಿದಳು.