ಸೆರಗಿನ ಉಬ್ಬು

೧೯೫೦ರ ದೀಪಾವಳಿ ಕಳೆದ ಮರುವಾರ ಕುರುಗೋಡಿನ ಮರಿಬಸಪ್ಪ ತನ್ನ ಹೆಂಡತಿ ಕೊಟ್ರಬಸಮ್ಮನನ್ನು ಬಳ್ಳಾರಿಯ ಒಂದು ಫೋಟೊ ಸ್ಟುಡಿಯೊಗೆ ಕರೆದುಕೊಂಡು ಬಂದ. ಮದುವೆಯಾಗಿ ಎರಡು ವರ್ಷವಾಗಿತ್ತು. ಬೇಕಾಗಿದ್ದದ್ದು ಅವಳೊಬ್ಬಳ ಚಿತ್ರ, ಎರಡು ಪ್ರತಿ. ಒಂದು ಕುರುಗೋಡಿನ ಮನೆಯ ಗೋಡೆಗೆ, ಇನ್ನೊಂದು ಸಿರುಗುಪ್ಪದ ಅವಳ ತವರಿಗೆ.

ಸ್ಟುಡಿಯೊ ಮಾಲೀಕ ವಿರೂಪಾಕ್ಷಪ್ಪ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದ. ಮುಖ ಚೆನ್ನಾಗಿತ್ತು, ಕೂತ ಭಂಗಿಯೂ ಚೆನ್ನಾಗಿತ್ತು. ಎದೆಯ ಮೇಲೆ ಸೆರಗು ಮಾತ್ರ ಒಂದು ಕಡೆ ಎತ್ತಿಕೊಂಡಿತ್ತು.

"ಅಮ್ಮಾ, ಸೆರಗು ಒಂಚೂರು ಕೆಳಗ ಎಳ್ಕೊಳ್ರಿ" ಎಂದ.

ಅವಳು ಅಂಚು ಹಿಡಿದು ಎಳೆದಳು. ಉಬ್ಬು ಇಳಿಯಲಿಲ್ಲ. ಹೆಣ್ಣುಮಕ್ಕಳ ಸೀರೆಗೆ ವಿರೂಪಾಕ್ಷಪ್ಪ ಕೈಹಾಕುವವನಲ್ಲ. ಇನ್ನೊಮ್ಮೆ ಹೇಳಲು ಸಂಕೋಚಪಟ್ಟು ಹಾಗೇ ಫೋಟೊ ತೆಗೆದ. ಗಾಜಿನ ಪ್ಲೇಟನ್ನು ತೊಳೆದು ಒಣಗಿಸಿ ಲಕೋಟೆಗೆ ಹಾಕುವಾಗ ಅದರ ಮೇಲೆ 'ಸೆರಗು ನೋಡುವುದು' ಎಂದು ಬರೆದ.

ನೋಡುವವನು ಹುಲುಗಪ್ಪ. ಹನ್ನೊಂದು ವರ್ಷದಿಂದ ಆ ಸ್ಟುಡಿಯೊದಲ್ಲಿ ಪ್ಲೇಟು ತಿದ್ದುವ ಕೆಲಸ ಅವನದು. ಉತ್ತರದ ಕಿಟಕಿಯ ಬಳಿ ಅವನ ಇಳಿಜಾರು ಮೇಜು. ಕೆಳಗಿನ ಕನ್ನಡಿ ಬೆಳಕನ್ನು ಪ್ಲೇಟಿನ ಹಿಂದಕ್ಕೆ ಎಸೆಯುತ್ತಿತ್ತು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು: ಬೆಳಕು ಬಿದ್ದ ಜಾಗ ಕಪ್ಪು, ನೆರಳಿನ ಜಾಗ ತಿಳಿ, ಕಾಗದಕ್ಕೆ ಇಳಿದಾಗಲೇ ಅದು ನೆಟ್ಟಗಾಗುವುದು. ಕೊಟ್ರಬಸಮ್ಮನ ಸೆರಗಿನ ಉಬ್ಬಿಗೆ ಒಂದು ಮಗ್ಗುಲಲ್ಲಿ ಕಪ್ಪು, ಇನ್ನೊಂದು ಮಗ್ಗುಲಲ್ಲಿ ತಿಳಿಯಾದ ಅರೆಚಂದ್ರ. ತಿಳಿ ಜಾಗಕ್ಕೆ ಪೆನ್ಸಿಲು ಹಿಡಿಯಲೆಂದು ಎಣ್ಣೆಯಂಥ ಮೀಡಿಯಂ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೀರು ಎಳೆದು ತುಂಬಿಸಿದ. ಕಪ್ಪು ಮಗ್ಗುಲನ್ನು ಚಾಕುವಿನ ತುದಿಯಿಂದ ಹೆರೆದು ತೆಳುವಾಗಿಸಿದ. ಆಮೇಲೆ ಮೂರು ನೆರಿಗೆಗಳನ್ನು ಹೆಗಲಿನಿಂದ ಸೊಂಟದವರೆಗೆ ನೇರವಾಗಿ ಇಳಿಸಿದ.

ಹೆರೆಯುವಾಗ ಅವನಿಗೆ ಒಂದು ಕ್ಷಣ ಅನ್ನಿಸಿತ್ತು, ಬಟ್ಟೆ ಮುದುಡಿದರೆ ಇಷ್ಟು ದುಂಡಗೆ ಏಳುವುದಿಲ್ಲ ಎಂದು. ಆದರೆ ಕೈ ಆಗಲೇ ನಡೆದಿತ್ತು. ಕೆಲಸ ಮುಗಿದ ಮೇಲೆ ಪ್ರತಿ ತೆಗೆದು ನೋಡಿದರೆ, ಸೀರೆ ಇಸ್ತ್ರಿ ಮಾಡಿ ಉಡಿಸಿದಂತಿತ್ತು. ವಿರೂಪಾಕ್ಷಪ್ಪ ಕೂಡ "ಭೇಷ್" ಎಂದ.

ಚಿತ್ರಗಳನ್ನು ಒಯ್ದು ಹತ್ತು ದಿನವಾಗಿರಬೇಕು. ಗಂಡಹೆಂಡತಿ ಮತ್ತೆ ಬಂದರು. ಮರಿಬಸಪ್ಪ ಚಿತ್ರವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ. ಮಾತಾಡಿದವಳು ಕೊಟ್ರಬಸಮ್ಮ.

"ಇದ್ರಾಗ ನನ್ನ ಲಿಂಗ ಎಲ್ಲೈತ್ರಿ?"

ವಿರೂಪಾಕ್ಷಪ್ಪನಿಗೆ ತಕ್ಷಣ ತಿಳಿಯಲಿಲ್ಲ. ಅವಳು ಸೆರಗಿನ ಮೇಲಿಂದಲೇ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಒಳಗೆ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅವಳ ಅಜ್ಜಿಯ ಕಾಲದ ಕರಡಿಗೆ, ನಿಂಬೆಹಣ್ಣಿಗಿಂತ ದೊಡ್ಡದು.

"ನಮ್ಮತ್ತಿ ಚಿತ್ರ ನೋಡಿದ ಗಳಿಗಿಂದ ಒಂದೇ ಮಾತು. ಚೆಂದ ಕಾಣಾಕ ಲಿಂಗ ತೆಗೆದಿಟ್ಟು ಕುಂತಾಳ ಅಂತ. ನನ್ನ ಕೈಲೆ ನೀರು ಮುಟ್ಟವಲ್ರು. ಸಿರುಗುಪ್ಪದಾಗ ಇದನ್ನ ಕಲಿಸ್ಯಾರೇನು ಅಂತ ನಮ್ಮಪ್ಪಗ ಹೇಳಿ ಕಳಿಸ್ಯಾರ. ನಾ ತೆಗೆದಿಲ್ಲ. ನೀವೇ ಇದ್ರಲ್ಲ, ಎಳ್ಕೋ ಅಂದ್ರಿ, ಎಳದೆ. ಅಷ್ಟು ಒಂದು ಮಾತು ಹೇಳ್ರಿ ನಮ್ಮವರ ಮುಂದ."

ಪರದೆಯ ಆಚೆ ಮೇಜಿನ ಮುಂದೆ ಕೂತಿದ್ದ ಹುಲುಗಪ್ಪನ ಕೈಯಲ್ಲಿ ಪೆನ್ಸಿಲು ನಿಂತಿತು.

ವಿರೂಪಾಕ್ಷಪ್ಪ ಚಿತ್ರವನ್ನು ಹತ್ತಿರ ಹಿಡಿದ, ದೂರ ಹಿಡಿದ. "ದಿನಕ್ಕ ಎಷ್ಟೋ ಮಂದಿ ಬರ್ತಾರಮ್ಮ. ಯಾರ ಸೆರಗು ಹೆಂಗಿತ್ತು ಅಂತ ನೆನಪಿಟ್ಕೊಳ್ಳಾಕ ಆಗ್ತೈತೇನು? ಗಾಜಿನ ಮ್ಯಾಲೆ ಏನು ಬೀಳ್ತೈತೋ ಅದೇ ಕಾಗದದ ಮ್ಯಾಲೆ ಬರ್ತೈತಿ. ನಮ್ಮದೇನೂ ಇಲ್ಲ."

"ನೀವು ಏನೂ ಮಾಡಿಲ್ಲೇನ್ರಿ ಇದಕ್ಕ?"

"ಏನ್ ಮಾಡಾಕ ಬರ್ತೈತಮ್ಮ? ಫೋಟೊ ಅದು, ರಂಗೋಲಿ ಅಲ್ಲ."

ಮರಿಬಸಪ್ಪ ಹೆಂಡತಿಯ ಕಡೆ ನೋಡಿದ. ಅಲ್ಲಿಯವರೆಗೆ ಅವಳನ್ನು ನಂಬಿದ್ದವನ ನೋಟ ಅದಾಗಿರಲಿಲ್ಲ. ಅವಳು ಚಿತ್ರವನ್ನು ಎತ್ತಿಕೊಂಡು ಹೊರಟಳು.

ಹುಲುಗಪ್ಪ ಪರದೆ ಸರಿಸಿ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. "ಅಣ್ಣಾ, ಅದು ಸೆರಗಿನ ಉಬ್ಬಲ್ಲ. ನಾನೇ ಹೆರೆದೀನಿ" ಎಂದ.

"ಗೊತ್ತೈತಿ ಬಿಡಲೇ. ಪ್ಲೇಟ್ ತಿದ್ದತಾರ ಅಂತ ಪ್ಯಾಟಿ ತುಂಬ ಆತು ಅಂದ್ರ ನಾಳಿ ಯಾರು ಬರ್ತಾರ? ಅತ್ತಿ ಸೊಸಿ ಜಗಳ, ನಾಲ್ಕು ದಿನಕ್ಕ ತಣ್ಣಗಾಗ್ತೈತಿ."

ಹುಲುಗಪ್ಪ ತನ್ನ ಜಾಗಕ್ಕೆ ಹೋಗಿ ಕೂತ. ಎದ್ದು ಓಡಿದ್ದರೆ ಬಸ್ಸಿನ ಹತ್ತಿರ ಅವರು ಸಿಗುತ್ತಿದ್ದರು. ಓಡಲಿಲ್ಲ. ಆ ದಿನ ಇನ್ನೂ ನಾಲ್ಕು ಪ್ಲೇಟು ತಿದ್ದಿದ. ಮುಂದಿನ ದಿನಗಳಲ್ಲಿ ಹೆಣ್ಣುಮಕ್ಕಳ ಪ್ಲೇಟು ಬಂದರೆ ಮುಖದ ಕಲೆಗಳನ್ನಷ್ಟೇ ತಿದ್ದುತ್ತಿದ್ದ. ಸೆರಗು ಹೇಗಿದ್ದರೆ ಹಾಗೆ ಬಿಡುತ್ತಿದ್ದ. ವಿರೂಪಾಕ್ಷಪ್ಪ ಬೈದ. ಬೈಸಿಕೊಂಡರೆ ಸ್ವಲ್ಪ ಹಗುರಾಗುತ್ತದೆಂದು ಹುಲುಗಪ್ಪ ಎಣಿಸಿದ್ದ. ಹಗುರಾಗಲಿಲ್ಲ.

ಫೆಬ್ರವರಿಯಲ್ಲಿ ಅರಳೆ ಮಂಡಿಯ ಕೆಲಸಕ್ಕೆ ಬಂದಿದ್ದ ಮರಿಬಸಪ್ಪ ಬೀದಿಯಲ್ಲಿ ಎದುರಾದ. ಚಿತ್ರ ಒಯ್ಯಲು ಬಂದಾಗ ಸ್ಟುಡಿಯೊದಲ್ಲಿ ನೋಡಿದ್ದರಿಂದ ಹುಲುಗಪ್ಪನ ಮುಖ ಅವನಿಗೆ ಗೊತ್ತಿತ್ತು.

"ಹೆಂಗದಾರ್ರಿ ಮನ್ಯಾಗ?" ಎಂದ ಹುಲುಗಪ್ಪ.

"ಏನು ಹೆಂಗ. ಮೂರು ತಿಂಗಳಾತು, ನಮ್ಮವ್ವ ಆಕಿ ಕೈಲೆ ಒಂದು ಗುಟುಕು ನೀರು ಕುಡಿದಿಲ್ಲ. ಒಲಿ ಹತ್ರ ಬಿಡವಲ್ಲಳು. ಆಕಿ ತಪ್ಪಾತು ಅಂದ್ರ ಮುಗೀತಿತ್ತು. ಮಾಡ್ಲಾರದ ತಪ್ಪು ಒಪ್ಪಲ್ಲ ಅಂತಾಳ. ಬರೋ ಸೋಮವಾರ ಸಿರುಗುಪ್ಪಕ್ಕ ಬಿಟ್ಟು ಬರ್ತೀನಿ."

"ತಿರುಗಿ ಕರಕೊಂಡು ಬರೋದು?"

ಮರಿಬಸಪ್ಪ ಮಂಡಿಯ ಕಡೆ ನಡೆದುಬಿಟ್ಟ.

ಭಾನುವಾರ ಬೆಳಿಗ್ಗೆ ಹುಲುಗಪ್ಪ ಕುರುಗೋಡಿನ ಬಸ್ಸು ಹತ್ತಿದ. ಚೀಲದಲ್ಲಿ ಬಟ್ಟೆ ಸುತ್ತಿದ ಪ್ಲೇಟು, ಟರ್ಪೆಂಟೈನಿನ ಸಣ್ಣ ಸೀಸೆ, ಹತ್ತಿ, ಒಂದು ಪ್ರಿಂಟಿಂಗ್ ಚೌಕಟ್ಟು, ಕಪ್ಪು ಕಾಗದದಲ್ಲಿ ಸುತ್ತಿದ ನಾಲ್ಕು ಬಿಸಿಲು ಕಾಗದ. ಈ ಕಾಗದಕ್ಕೆ ಕತ್ತಲೆ ಕೋಣೆ ಬೇಡ. ಪ್ಲೇಟಿನ ಕೆಳಗಿಟ್ಟು ಬಿಸಿಲಿಗೆ ಹಿಡಿದರೆ ಕಣ್ಣೆದುರೇ ಚಿತ್ರ ಮೂಡುತ್ತದೆ. ಪ್ಲೇಟು ತೆಗೆದದ್ದನ್ನು ಮಾಲೀಕನಿಗೆ ಹೇಳಿರಲಿಲ್ಲ.

ಮನೆಯ ಅಂಗಳದಲ್ಲಿ ಅತ್ತೆ ಗುರುಬಸಮ್ಮ ಜೋಳ ಹಸನು ಮಾಡುತ್ತಿದ್ದಳು. ಹಣೆಯ ತುಂಬ ವಿಭೂತಿ. ಕೊಟ್ರಬಸಮ್ಮ ದೂರದ ಕಂಬದ ಬಳಿ ತನ್ನ ಸೀರೆಗಳನ್ನು ಟ್ರಂಕಿಗೆ ಮಡಚಿಡುತ್ತಿದ್ದಳು. ಮರಿಬಸಪ್ಪ ಗಾಬರಿಯಾಗಿ ಎದ್ದು ನಿಂತ.

ಹುಲುಗಪ್ಪ ಮುದುಕಿಯ ಎದುರು ನೆಲದ ಮೇಲೆ ಕೂತು ಹೇಳಿದ. "ಅಮ್ಮಾ, ನಾನು ಬಳ್ಳಾರಿ ಫೋಟೊ ಅಂಗಡ್ಯಾಗ ಪ್ಲೇಟ್ ತಿದ್ದಾವ, ಹುಲುಗಪ್ಪ ಅಂತ. ನಿಮ್ಮ ಸೊಸಿ ಲಿಂಗ ತೆಗೆದಿರಲಿಲ್ರಿ. ಚಿತ್ರದಾಗಿಂದ ತೆಗೆದಾವ ನಾನು. ಸೆರಗು ಮುದುಡೈತಿ ಅಂತ ತಿಳಕೊಂಡು ಹೆರೆದುಬಿಟ್ಟೆ."

ಗುರುಬಸಮ್ಮ ಮೊರ ಕೆಳಗಿಟ್ಟಳು. "ನಿನ್ನ ಈಕಿ ಅಪ್ಪ ಕಳಿಸ್ಯಾನೇನು, ಸಿರುಗುಪ್ಪದಿಂದ?"

"ಇಲ್ರಿ."

"ಗಾಜಿನಾಗ ಇದ್ದದ್ದ ತೆಗೆಯಾಕ ಬರ್ತೈತಿ ಅಂದ್ರ, ಇಲ್ಲದ್ದ ಹಾಕಾಕೂ ಬರ್ತೈತಲ್ಲಪ್ಪ. ನಾ ಯಾವುದು ನಂಬಲಿ?"

ಹುಲುಗಪ್ಪನಿಗೆ ಈ ಪ್ರಶ್ನೆ ಬಸ್ಸಿನಲ್ಲಿ ಹೊಳೆದಿರಲಿಲ್ಲ. ಪ್ಲೇಟನ್ನು ಬಿಚ್ಚಿ ಬೆಳಕಿಗೆ ಹಿಡಿದ. "ನನ್ನ ಕೈ ಬ್ಯಾಡ್ರಿ. ನೀವೇ ಒರೆಸ್ರಿ. ಇಲ್ಲಿ ನೋಡ್ರಿ, ಸೆರಗಿನ ಮ್ಯಾಲೆ ಹೊಳೀತಾವಲ್ಲ ಸಣ್ಣ ಗೀರು, ಅವು ಪೆನ್ಸಿಲಿಂದು. ಒರೆಸಿದ್ರ ನಾ ಹಾಕಿದ್ದು ಹೋಗ್ತೈತಿ. ಮೊದಲಿದ್ದದ್ದು ಹೋಗಲ್ಲ."

ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಕೊಟ್ಟ. ಮುದುಕಿ ವಾಸನೆಗೆ ಮುಖ ಹಿಂಡಿದಳು. ಒತ್ತಬೇಡಿ, ಮೆಲ್ಲಗೆ ಎಂದು ಅವನು ಹೇಳುತ್ತಿದ್ದಂತೆ ಎರಡು ಬಾರಿ ಒರೆಸಿದಳು. ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಅದನ್ನು ತಿರುಗಿಸಿ ನೋಡಿ ಮೂರನೆಯ ಬಾರಿ ತಾನಾಗಿಯೇ ಒರೆಸಿದಳು.

ಪ್ಲೇಟು ಒಣಗಿದ ಮೇಲೆ ಹುಲುಗಪ್ಪ ಅದನ್ನು ಕಾಗದದ ಜೊತೆ ಚೌಕಟ್ಟಿಗೆ ಹಾಕಿ ಬಿಸಿಲಿಗಿಟ್ಟ. ಆಗಾಗ ಹಿಂಬದಿಯ ಅರ್ಧ ಮುಚ್ಚಳ ತೆರೆದು ತೋರಿಸಿದ. ಕಾಗದ ಮೊದಲು ನಸುಗೆಂಪಾಯಿತು, ಆಮೇಲೆ ಕಂದು. ಮುಖ ಮೂಡಿತು, ಸೆರಗು ಮೂಡಿತು. ಸೆರಗಿನ ಮೇಲೆ, ಗೋಡೆಯ ಚಿತ್ರದಲ್ಲಿ ಏನೂ ಇಲ್ಲದ ಜಾಗದಲ್ಲಿ, ದುಂಡನೆಯ ನೆರಳಿನ ಅಂಚು ಬಂತು. ಅದರ ಪಕ್ಕ ಚಾಕು ಹೆರೆದ ಕಡೆ ಮಾತ್ರ ಕಪ್ಪು ಗೀಚುಗಳು, ಪರಚಿದ ಗಾಯದ ಹಾಗೆ.

"ಇದು ಹೋಗಲ್ಲೇನು?" ಮರಿಬಸಪ್ಪ ಗೀಚುಗಳನ್ನು ತೋರಿಸಿದ.

"ಇಲ್ರಿ. ಪೆನ್ಸಿಲ್ ಒರೆಸಿದ್ರ ಹೋಗ್ತೈತಿ. ಚಾಕು ತೆಗೆದದ್ದು ತಿರುಗಿ ಬರಲ್ಲ."

ಗುರುಬಸಮ್ಮ ಗೋಡೆಯ ಚಿತ್ರವನ್ನು ಇಳಿಸಿ ತರಿಸಿದಳು. ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ನಂತರ ತನ್ನ ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದ ಒಮ್ಮೆ ಮುಟ್ಟಿಕೊಂಡಳು.

"ಕೊಟ್ರಿ, ನೀರು ತಗೊಂಬಾ" ಎಂದಳು.

ಕೊಟ್ರಬಸಮ್ಮ ತಂದಳು. ಮುದುಕಿ ಪೂರಾ ಕುಡಿದು, ಚೊಂಬು ಕೆಳಗಿಟ್ಟು, "ಟ್ರಂಕು ಒಳಗ ಇಡು" ಎಂದಳು. ತಪ್ಪಾಯಿತೆಂದು ಹೇಳಲಿಲ್ಲ. ಮರಿಬಸಪ್ಪ ತಾನೇ ಹೋಗಿ ಟ್ರಂಕು ಎತ್ತಿದ.

ಹುಲುಗಪ್ಪ ಸಾಮಾನು ಚೀಲಕ್ಕೆ ಹಾಕಿಕೊಂಡು ಏಳುತ್ತಿದ್ದ.

"ಕುಂದರ್ರಿ" ಎಂದಳು ಕೊಟ್ರಬಸಮ್ಮ. "ಈ ಮನ್ಯಾಗ ಆತು. ಸಿರುಗುಪ್ಪದಾಗ ನಮ್ಮಪ್ಪ ಮೂರು ತಿಂಗಳಿಂದ ತಲಿ ಎತ್ತಿ ಓಡಾಡಿಲ್ಲ. ಇಂಥಾದ್ದೇ ಇನ್ನೊಂದು ಚಿತ್ರ ಮಾಡಿ ಕೊಡ್ರಿ. ಜೋಡಿ ಒಂದು ಕಾಗದ ಬರೀರಿ, ನಿಮ್ಮ ಕೈಲೆ, ನಿಮ್ಮ ಹೆಸರು ಹಾಕಿ."

ಹಾಗೆ ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ, ವಿರೂಪಾಕ್ಷಪ್ಪ ಕೆಲಸದಿಂದ ತೆಗೆಯುತ್ತಾನೆ ಎಂದು ಹುಲುಗಪ್ಪನಿಗೆ ತಿಳಿದಿತ್ತು. ಕಾಗದ ಕೇಳಿ ತೆಗೆದುಕೊಂಡ. ಈ ಬಿಸಿಲು ಚಿತ್ರ ಬೆಳಕಿನಲ್ಲಿಟ್ಟರೆ ಪೂರ್ತಿ ಕಪ್ಪಾಗುತ್ತದೆ, ಬಳ್ಳಾರಿಯಿಂದ ಪಕ್ಕಾ ಪ್ರತಿ ಮಾಡಿ ಕಳಿಸುತ್ತೇನೆ, ಅಲ್ಲಿಯವರೆಗೆ ಇದು ಕಪ್ಪು ಕಾಗದದಲ್ಲೇ ಇರಲಿ ಎಂದು ವಿವರಿಸಿದ. ಆಮೇಲೆ ಬರೆದ. ತನ್ನ ಹೆಸರು, ಕೆಲಸ, ಫೋಟೊ ತೆಗೆದ ವಾರ. 'ತಮ್ಮ ಮಗಳ ಮೈಮೇಲೆ ಲಿಂಗವಿತ್ತು. ಸೆರಗು ನೆಟ್ಟಗೆ ಮಾಡಲು ಹೋಗಿ ನಾನು ಅದನ್ನು ತಿಳಿಯದೆ ಅಳಿಸಿದೆ. ಇದೊಂದೇ ನನ್ನಿಂದ ಆದ ತಪ್ಪು.'

ಅವಳಿಗೆ ಓದಲು ಬರುತ್ತಿತ್ತು. ನಿಂತೇ ಓದಿ ಕಾಗದವನ್ನು ವಾಪಸು ಕೊಟ್ಟಳು.

"ನಾವು ಅಂಗಡಿಗೆ ಬಂದ ದಿನ ನೀವು ಎಲ್ಲಿದ್ರಿ?"

"ಅಲ್ಲೇ, ಪರದೆ ಹಿಂದ."

"ಕೇಳಿಸಿತ್ತೇನು ನಾವು ಆಡಿದ್ದು?"

"ಎಲ್ಲಾ ಕೇಳಿಸಿತ್ರಿ."

ಹುಲುಗಪ್ಪ ಕೊನೆಯ ಸಾಲನ್ನು ಗೆರೆ ಎಳೆದು ಹೊಡೆದುಹಾಕಿ, ಅದರ ಕೆಳಗೆ ಹೊಸದಾಗಿ ಬರೆದ: 'ಇದು ನನಗೆ ನವೆಂಬರಿನಲ್ಲೇ ಗೊತ್ತಾಯಿತು. ಗೊತ್ತಿದ್ದೂ ಮೂರು ತಿಂಗಳು ಹೇಳಲಿಲ್ಲ.'

ಅದನ್ನು ಓದಿ, ಮಡಚಿ, ಅವಳು ಒಳಗೆ ತೆಗೆದುಕೊಂಡು ಹೋದಳು. ಅವನಿಗೆ ಹೋಗಿ ಬನ್ನಿ ಎನ್ನಲಿಲ್ಲ.